ಹಳೇ ಫ್ಲಾಟ್ ಕೊಂಡ ಮೇಲೆ ಕರೆಂಟು, ನೀರು ನಮ್ಮ ಹೆಸರಿಗೆ

ಸುಮಾ: ಬೆಂಗಳೂರಿನಲ್ಲಿ ರೀಸೇಲ್ ಫ್ಲಾಟ್ ಕೊಂಡಿದ್ದೇವೆ. ರಿಜಿಸ್ಟ್ರೇಷನ್ ಆಯ್ತು, ಮಾರಿದವರು ಪುಣೆಗೆ ಹೋಗುವವರಿದ್ದಾರೆ. ಬೆಸ್ಕಾಂ ಮತ್ತು ನೀರಿನ ಬಿಲ್ ನಮ್ಮ ಹೆಸರಿಗೆ ಮಾಡಿಸಲು ಏನೇನು ಬೇಕು? ಅವರಿಂದ ಈಗಲೇ ಏನಾದರೂ ಬರೆಸಿಕೊಳ್ಳಬೇಕಾ?

ಮಂಜುನಾಥ್: ಅರ್ಜೆಂಟೇನಿಲ್ಲ ಮೇಡಂ. ನಾನು ಹಳೇ ಮಾಲೀಕರ ಹೆಸರಲ್ಲೇ ವರ್ಷಗಟ್ಟಲೆ ಬಿಲ್ ಕಟ್ಟಿದೆ, ಒಬ್ಬರೂ ಕೇಳಲಿಲ್ಲ. ಸೇಲ್ ಡೀಡ್ ಕೈಯಲ್ಲಿದ್ದರೆ ಸಾಕು.

ಗೀತಾ: ಮಂಜುನಾಥ್ ಅವರೇ, ಬಿಲ್ ಕಟ್ಟುತ್ತಿದ್ದರೆ ಕರೆಂಟು ಬರುತ್ತದೆ, ನಿಜ. ಆದರೆ ಲೋಡ್ ಜಾಸ್ತಿ ಮಾಡಿಸಲು ಹೋದರೆ ಹಳಬರ ಸಹಿ ಕೇಳುತ್ತಾರೆ. ನಮ್ಮ ಅಸೋಸಿಯೇಷನ್ನಿನ ಕೆಲಸ ನೋಡಿಕೊಳ್ಳುವುದರಿಂದ ಇಂಥ ಫೈಲು ಆಗಾಗ ಕೈಗೆ ಬರುತ್ತವೆ. ಸುಮಾ, ಮಾರಿದವರು ಊರು ಬಿಡುವ ಮೊದಲು ಒಂದು ಕೆಲಸ ಮಾಡಿಸಿಕೊಳ್ಳಿ. ಆರ್‌ಆರ್ ನಂಬರ್ ಬರೆದು, 'ಈ ಸಂಪರ್ಕವನ್ನೂ ಇದರ ಠೇವಣಿಯನ್ನೂ ಇಂಥವರ ಹೆಸರಿಗೆ ವರ್ಗಾಯಿಸಲು ನನ್ನ ಒಪ್ಪಿಗೆ ಇದೆ' ಅಂತ ಸಹಿ ಮಾಡಿದ ಪತ್ರ.

ಒದ್ದಾಟ ಬರುವುದೇ ಠೇವಣಿಯಲ್ಲಿ. ಅದು ಸುಮಾರು ಎರಡು ತಿಂಗಳ ಬಿಲ್ಲಿನಷ್ಟು ಇರುತ್ತದೆ. ಅವರ ಬಿಲ್ ತಿಂಗಳಿಗೆ 1,400 ರೂಪಾಯಿ ಬರುತ್ತಿತ್ತು ಅಂದುಕೊಳ್ಳಿ, ಅಲ್ಲಿ 2,800ರ ಆಸುಪಾಸು ಕೂತಿದೆ. ಒಪ್ಪಿಗೆ ಪತ್ರ ಇದ್ದರೆ ಆ ದುಡ್ಡು ನಿಮ್ಮ ಹೆಸರಿಗೆ ಬರುತ್ತದೆ, ಅವರಿಗೆ ನೀವು ಕೈಯಲ್ಲಿ ಕೊಟ್ಟು ಲೆಕ್ಕ ಮುಗಿಸಬಹುದು. ಪತ್ರ ಇಲ್ಲದಿದ್ದರೆ ನೀವು ಹೊಸದಾಗಿ ಠೇವಣಿ ಕಟ್ಟಬೇಕಾಗುತ್ತದೆ. ಇಂಡೆಮ್ನಿಟಿ ಬಾಂಡ್ ಕೇಳುವುದೂ ಇದೇ ಕಾರಣಕ್ಕೆ. ನಾಳೆ ಇನ್ನೊಬ್ಬರು ಬಂದು ಠೇವಣಿ ನಂದು ಅಂದರೆ ಹೊಣೆ ನಿಮ್ಮದು ಅಂತ ಬರೆಸಿಕೊಳ್ಳುತ್ತಾರೆ. ಸ್ಟಾಂಪ್ ಪೇಪರ್ ಎಷ್ಟರದ್ದು ಅಂತ ಸಬ್‌ಡಿವಿಷನ್ ಕೌಂಟರಿನಲ್ಲಿ ಕೇಳಿಯೇ ಕೊಳ್ಳಿ, ದರ ಏರಿದೆ.

ಜೊತೆಗೆ ಸೇಲ್ ಡೀಡ್ ಪ್ರತಿ, ಖಾತಾ, ತೆರಿಗೆ ರಸೀದಿ, ಕೊನೇ ಬಿಲ್ ಕಟ್ಟಿದ ರಸೀದಿ, ಗುರುತಿನ ಚೀಟಿ. ಖಾತಾ ಮೊದಲು ನಿಮ್ಮ ಹೆಸರಿಗೆ ಆಗಿದ್ದರೆ ಮಿಕ್ಕಿದ್ದೆಲ್ಲ ಸಲೀಸು.

ಸುಮಾ: ಥ್ಯಾಂಕ್ಸ್ ಗೀತಾ. ಹಳೇ ಬಾಕಿ ಏನಾದರೂ ಇದ್ದರೆ?

ಗೀತಾ: ಅದನ್ನು ಮೊದಲೇ ನೋಡಿ. ಬಾಕಿ ಅವರ ಕಾಲದ್ದು ಅಂತ ನೀವು ಹೇಳಿದರೆ ಅಧಿಕಾರಿಗಳು ಒಪ್ಪುವುದಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಕೇರಳ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಸರಬರಾಜು ನಿಯಮಗಳಲ್ಲಿ ಹಾಗಿದ್ದರೆ, ಹಳಬರ ಬಾಕಿ ಕಟ್ಟಿದರೆ ಮಾತ್ರ ಹೊಸ ಮಾಲೀಕರಿಗೆ ಕರೆಂಟು ಅಂತ ಷರತ್ತು ಹಾಕಬಹುದು. ಬಿಲ್ಲಿನಲ್ಲಿರುವ ಅಕೌಂಟ್ ಐಡಿ ಹಾಕಿದರೆ ಆನ್‌ಲೈನಿನಲ್ಲೇ ಬಾಕಿ ಕಾಣುತ್ತದೆ. ಕೀಲಿ ತೆಗೆದುಕೊಳ್ಳುವ ದಿನ ಮೀಟರ್ ರೀಡಿಂಗಿನ ಫೋಟೋ ಹೊಡೆದಿಟ್ಟುಕೊಳ್ಳಿ.

ಇನ್ನೊಂದು. ಬೇಸ್‌ಮೆಂಟಿನಲ್ಲಿ ಸಾಲಾಗಿ ಮೀಟರ್‌ಗಳಿದ್ದರೆ, ಫ್ಲಾಟಿನ ಮೇನ್ ಸ್ವಿಚ್ ಆಫ್ ಮಾಡಿ ಕೆಳಗೆ ಹೋಗಿ ನೋಡಿ. ನಿಮ್ಮ ಬಿಲ್ಲಿನ ನಂಬರಿನ ಮೀಟರಿನ ಪುಟ್ಟ ಕೆಂಪು ದೀಪ ಮಿಣುಕುವುದು ನಿಲ್ಲಬೇಕು. ನಮ್ಮ ಕಟ್ಟಡದಲ್ಲಿ ಫ್ಲಾಟ್ ಕೊಂಡ ಒಬ್ಬರ ವೈರಿಗೂ ಪಕ್ಕದ ಫ್ಲಾಟಿನ ವೈರಿಗೂ ಅದಲುಬದಲಾಗಿತ್ತು. ಹೆಸರು ಬದಲಾದ ಮೇಲೂ ಪಕ್ಕದವರ ಏಸಿಯ ಬಿಲ್ ಇವರೇ ಕಟ್ಟುತ್ತಿದ್ದರು! ಅರ್ಜಿ ಹಾಕುವ ಮೊದಲೇ ಇದು ಗೊತ್ತಾದರೆ ಒಳ್ಳೇದು.

ಶ್ರೀಧರ: ನಾನು ಬಾಡಿಗೆಗೆ ಇದ್ದೇನೆ. ಗೃಹಜ್ಯೋತಿ ಬೇಕು ಅಂದರೆ ನನ್ನ ಹೆಸರಿಗೆ ಮೀಟರ್ ಮಾಡಿಸಬೇಕಾ?

ಗೀತಾ: ಬೇಡ ಶ್ರೀಧರ, ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿದರೆ ಸಾಕು, ಮೀಟರ್ ಮಾಲೀಕರ ಹೆಸರಲ್ಲೇ ಇರಲಿ. ಸುಮಾ ಅವರಿಗೂ ಇದು ಅನ್ವಯಿಸುತ್ತದೆ. ಮಾರಿದವರ ಆಧಾರ್ ಆ ಮೀಟರಿಗೆ ಜೋಡಿಸಿದ್ದರೆ, ಹೋಗುವ ಮೊದಲು ಅವರಿಂದಲೇ ಡಿ-ಲಿಂಕ್ ಮಾಡಿಸಿ.

ಮಂಜುನಾಥ್: ನೀರಿಗೂ ಹೀಗೇ ಜಲಮಂಡಳಿಗೆ ಹೋಗಿ ಅರ್ಜಿ ಕೊಡಿ, ಅಷ್ಟೆ.

ರುಕ್ಮಿಣಿ: ಎಲ್ಲರಿಗೂ ಹಾಗಲ್ಲ. ನಮ್ಮಂಥ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಕಾವೇರಿ ಸಂಪರ್ಕ ಒಂದೇ, ಅದು ಅಸೋಸಿಯೇಷನ್ ಹೆಸರಲ್ಲಿದೆ. ನೀರಿನ ದುಡ್ಡು ಮೆಂಟೇನೆನ್ಸಿನ ಜೊತೆಯಲ್ಲೇ ಹೋಗುತ್ತಿದೆ ಅಂದರೆ ಜಲಮಂಡಳಿಯಲ್ಲಿ ನಿಮ್ಮ ಹೆಸರಿಗೆ ಬದಲಿಸಲು ಏನೂ ಇಲ್ಲ. ಅಸೋಸಿಯೇಷನ್ನಿಗೆ ಸೇಲ್ ಡೀಡ್ ಪ್ರತಿ ಕೊಟ್ಟು ಸದಸ್ಯತ್ವ ಬದಲಿಸಿ, ಮಾರಿದವರ ಮೆಂಟೇನೆನ್ಸ್ ಬಾಕಿ ಇಲ್ಲ ಅಂತ ಪತ್ರ ತೆಗೆದುಕೊಳ್ಳಿ. ಫ್ಲಾಟಿಗೇ ಬೇರೆ ನೀರಿನ ಬಿಲ್ ಬರುತ್ತಿದ್ದರೆ ಮಾತ್ರ ಸಬ್‌ಡಿವಿಷನ್ ಆಫೀಸಿಗೆ ಖಾತಾ, ಸೇಲ್ ಡೀಡ್, ಕೊನೇ ಬಿಲ್ ರಸೀದಿ ಹಿಡಿದು ಹೋಗಿ.

ಸುಮಾ: ನಮ್ಮದು ಮೆಂಟೇನೆನ್ಸಿನಲ್ಲೇ ಸೇರಿದೆ, ಸದ್ಯ ಒಂದು ತಲೆನೋವು ಕಮ್ಮಿ. ಮಾರಿದವರು ಒಪ್ಪಿಗೆ ಪತ್ರ ಸ್ಕ್ಯಾನ್ ಮಾಡಿ ಮೇಲ್ ಮಾಡುತ್ತೇನೆ ಅಂತಿದ್ದಾರೆ, ಅದು ನಡೆಯುತ್ತಾ?

ಮಂಜುನಾಥ್: ನಡೆಯುತ್ತೆ, ಈಗ ಎಲ್ಲಾ ಆನ್‌ಲೈನೇ ಅಲ್ವಾ.

ಗೀತಾ: ಕೆಲವು ಕಡೆ ತೆಗೆದುಕೊಂಡಿದ್ದಾರೆ, ನಮ್ಮ ಕಡೆ ಮೂಲ ಸಹಿ ಇರುವ ಪತ್ರವೇ ಬೇಕು ಅಂದರು. ಅವರಿನ್ನೂ ಇಲ್ಲೇ ಇದ್ದಾರಲ್ಲ, ಪೆನ್ನು ಕೊಟ್ಟು ಎರಡು ಪ್ರತಿಗೆ ಸಹಿ ಹಾಕಿಸಿಕೊಳ್ಳಿ.