ವಾರಂಟಿ ಪತ್ರವಿದೆ, ತಾರಸಿ ಮತ್ತೆ ಸೋರುತ್ತಿದೆ: ರಿಪೇರಿ ಮಾಡಿಸಿಕೊಂಡವರು ಅನುಭವ ತಿಳಿಸಿ

ಪ್ರಶ್ನೆ ಕೇಳಿದವರು: ಕಳೆದ ವರ್ಷ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಐದು ವರ್ಷದ ವಾರಂಟಿ ಬರೆದುಕೊಟ್ಟಿದ್ದಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಲಗುವ ಕೋಣೆಯ ಮೂಲೆ ಮತ್ತೆ ಒದ್ದೆಯಾಗಿದೆ. ಗುತ್ತಿಗೆದಾರರು ಬಂದು ನೋಡಿ, "ಇದು ಗೋಡೆಯ ಬಿರುಕು, ನಮ್ಮ ಕೆಲಸಕ್ಕೆ ಸೇರಿದ್ದಲ್ಲ" ಎಂದು ಹೇಳಿ ಹೋದರು. ಈಗ ಏನು ಮಾಡಲಿ?

ಮೊದಲ ಉತ್ತರ: ತಡಮಾಡದೆ ವಕೀಲರಿಂದ ನೋಟಿಸ್ ಕೊಡಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕೋಟಿಂಗ್ ತಯಾರಿಸಿದ ಕಂಪನಿಯನ್ನೂ ಸೇರಿಸಿ, ಅವರೇ ಹಣ ಕೊಡಬೇಕಾಗುತ್ತದೆ.

ಎರಡನೆಯ ಉತ್ತರ: ಆಯೋಗದ ದಾರಿ ಇದೆ, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವೂ ಇದೆ. ಆದರೆ ನೀರು ಎಲ್ಲಿಂದ ಬರುತ್ತಿದೆ ಎಂಬುದು ತೀರ್ಮಾನವಾಗದೆ ಅಲ್ಲಿಗೆ ಹೋದರೆ "ಗೋಡೆಯ ಬಿರುಕು" ಎಂಬ ಮಾತೇ ಅಲ್ಲಿಯೂ ಎದುರಾಗುತ್ತದೆ. ಕಂಪನಿಯ ಪತ್ರ ಬಹಳಷ್ಟು ಸಲ ಡಬ್ಬಿಯೊಳಗಿನ ವಸ್ತುವಿಗೆ ಮಾತ್ರ ಅನ್ವಯಿಸುತ್ತದೆ, ಹಚ್ಚಿದ ಕೆಲಸಕ್ಕಲ್ಲ. ನಿಮ್ಮ ಪತ್ರದ ಕೆಳಗೆ ಯಾರ ಸಹಿ ಇದೆ ಎಂದು ಮೊದಲು ನೋಡಿ.

ನನಗೂ ಇದೇ ಆಗಿತ್ತು. ನಾನು ಕೇಳಿದ್ದು ಒಂದನ್ನೇ: ಇಬ್ಬರೂ ಇರುವಾಗ ತಾರಸಿಯಲ್ಲಿ ನೀರು ನಿಲ್ಲಿಸಿ ನೋಡೋಣ. ಇಂಥ ದಿನ ತೇವ ಕಂಡಿತು, ಇಂಥ ದಿನ ಪರೀಕ್ಷೆಗೆ ಬನ್ನಿ ಎಂದು ಪತ್ರ ಬರೆದು, ಫೋಟೋ ಸೇರಿಸಿ, ಸ್ವೀಕೃತಿ ಬರುವ ಹಾಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಅಲ್ಲಿಯವರೆಗೆ ಬೇರೆ ಮೇಸ್ತ್ರಿಯನ್ನು ಕರೆಸಿ ಮೇಲೆ ಏನನ್ನೂ ಹಚ್ಚಿಸಲಿಲ್ಲ. ನೀವೂ ಹಚ್ಚಿಸಬೇಡಿ. "ಬೇರೆಯವರು ಕೈ ಹಾಕಿದ್ದಾರೆ" ಎಂಬ ಒಂದೇ ಮಾತಿಗೆ ವಾರಂಟಿ ಕೈತಪ್ಪಬಹುದು.

ಮಳೆ ನಿಂತು ಚಾವಣಿ ಒಣಗಿದ ಮೇಲೆ, ಮಳೆನೀರು ಇಳಿಯುವ ಪೈಪಿನ ಬಾಯಿ ಮುಚ್ಚಿ ಎರಡು ಅಂಗುಲ ನೀರು ನಿಲ್ಲಿಸಿದೆವು. ಪಕ್ಕದಲ್ಲಿ ಒಂದು ಅಗಲವಾದ ಬೋಗುಣಿಯಲ್ಲೂ ನೀರಿಟ್ಟು, ಎರಡೂ ಕಡೆ ಪೆನ್ಸಿಲ್ ಗೆರೆ ಎಳೆದೆವು. ಬಿಸಿಲಿಗೆ ಬೋಗುಣಿಯ ನೀರೂ ಇಳಿಯುತ್ತದೆ, ತಾರಸಿಯದು ಅದಕ್ಕಿಂತ ಹೆಚ್ಚು ಇಳಿದರೆ ಸೋರಿಕೆ ಎಂದು ಅರ್ಥ. 48 ಗಂಟೆ ಕಳೆದರೂ ಎರಡೂ ಸಮವಾಗಿಯೇ ಇಳಿದಿದ್ದವು, ಕೆಳಗೆ ಚಾವಣಿ ಒಣಗಿಯೇ ಇತ್ತು. ಗುತ್ತಿಗೆದಾರರು ಹೊರಡಲು ಎದ್ದರು.

ಆಗ ಅವರ ಜೊತೆ ಬಂದಿದ್ದ ಹಿರಿಯ ಕೆಲಸಗಾರರೇ ಪೈಪಿನ ಬಾಯಿಗೆ ತುರುಕಿದ್ದ ಬಟ್ಟೆಯ ಉಂಡೆಯನ್ನು ತೋರಿಸಿದರು. ಕಾಂಕ್ರೀಟು ಮತ್ತು ಪೈಪು ಕೂಡುವ ಸಂದನ್ನೇ ಅದು ಮುಚ್ಚಿತ್ತು, ಹಾಗಾಗಿ ಆ ಸಂದಿಗೆ ನೀರು ಮುಟ್ಟಿರಲೇ ಇಲ್ಲ. ಉಂಡೆಯನ್ನು ಪೈಪಿನೊಳಗೆ ಒಂದು ಗೇಣು ಕೆಳಗೆ ಇಳಿಸಿ ಮತ್ತೆ ನೀರು ತುಂಬಿದೆವು. ಆರು ಗಂಟೆಯಲ್ಲಿ ಕೋಣೆಯ ಮೂಲೆಯಲ್ಲಿ ಅಂಗೈಯಗಲದ ಕಪ್ಪು ಕಲೆ ಮೂಡಿತು. ಪೈಪಿನ ಬಾಯಿಯ ಸುತ್ತ ಕೋಟಿಂಗ್ ಹಚ್ಚುವುದು ಅವರ ಕೊಟೇಷನ್ನಿನಲ್ಲೇ ಇತ್ತು. ಸಮಯ, ಫೋಟೋ, ಇಬ್ಬರ ಸಹಿ ಹಾಕಿ ಅರ್ಧ ಪುಟ ಬರೆದೆವು. ಸುತ್ತ ಒಂದು ಅಡಿ ಕೆರೆದು ಹೊಸದಾಗಿ ಮಾಡಿಕೊಟ್ಟರು, ಹಣ ಕೇಳಲಿಲ್ಲ.

ಮೂರನೆಯ ಉತ್ತರ: ನಮ್ಮದೂ ಇದೇ ಗೋಳು. ಮೇಲಿನ ಮನೆಯವರ ಸ್ನಾನದ ಮನೆಯಿಂದ ನಮ್ಮ ಚಾವಣಿಗೆ ನೀರು ಇಳಿಯುತ್ತಿದೆ. ಅವರು ಒಪ್ಪುವುದೇ ಇಲ್ಲ. ನಾವು ಯಾರ ವಾರಂಟಿ ಕೇಳಬೇಕು?

ಎರಡನೆಯ ಉತ್ತರದವರು: ಅಮ್ಮಾ, ನಿಮ್ಮದು ಬೇರೆ ವಿಷಯ, ಅಲ್ಲಿ ವಾರಂಟಿಯೇ ಇಲ್ಲ. ಆದರೆ ನೀವು ಹೇಳಿದ್ದರಿಂದ ಒಂದು ನೆನಪಾಯಿತು. ಮಳೆಯಿಲ್ಲದ ವಾರಗಳಲ್ಲೂ ತೇವ ಒಂದೇ ಸಮನಿದ್ದರೆ ತಾರಸಿಗಿಂತ ಮೊದಲು ನೀರಿನ ಪೈಪನ್ನು ಅನುಮಾನಿಸಬೇಕು. ಹಾಗಿದ್ದರೆ ತಾರಸಿಯವರನ್ನು ದೂರುವುದು ನ್ಯಾಯವಲ್ಲ.

ಪ್ರಶ್ನೆ ಕೇಳಿದವರು: ನಮ್ಮದು ಮಳೆ ಬಂದ ಮರುದಿನವೇ ಕಾಣಿಸಿ, ವಾರದಲ್ಲಿ ಒಣಗಿ ಬಿಳಿ ಪುಡಿ ಬಿಡುತ್ತದೆ. ಪೈಪಿನ ಬಾಯಿ ಮೂಲೆಯಿಂದ ದೂರ ಇದೆ. ಅಲ್ಲಿರುವುದು ಪ್ಯಾರಪೆಟ್ ಗೋಡೆ. ಪತ್ರದಲ್ಲಿ "ತಾರಸಿ" ಎಂದಷ್ಟೇ ಇದೆ. ಮನೆ ನಲವತ್ತು ವರ್ಷ ಹಳೆಯದು, ನೀರು ನಿಲ್ಲಿಸಲು ಭಯ.

ನಾಲ್ಕನೆಯ ಉತ್ತರ (ಕಟ್ಟಡದ ಕೆಲಸ ನನ್ನದು): ನಿಮ್ಮ ಭಯ ಸರಿಯೇ. ಎರಡು ಅಂಗುಲ ನೀರು ಎಂದರೆ ಪ್ರತಿ ಚದರ ಮೀಟರಿಗೆ ಸುಮಾರು 50 ಕಿಲೋ ಭಾರ. ಆ ಮೂಲೆಯ ಸುತ್ತ ಮಾತ್ರ ಮಣ್ಣಿನ ಕಟ್ಟೆ ಕಟ್ಟಿ ನಿಲ್ಲಿಸಿ. ಒಣಗಿಯೇ ಉಳಿದರೆ, ಇನ್ನೊಂದು ದಿನ ಕಟ್ಟೆ ತೆಗೆದು, ಪ್ಯಾರಪೆಟ್ಟಿನ ತಲೆಯ ಮೇಲೆ ಮಾತ್ರ ಸಣ್ಣಗೆ ನೀರು ಬಿಡಿ. ಎರಡೂ ಒಂದೇ ದಿನ ಮಾಡಿದರೆ ಯಾವುದು ಸೋರಿತೆಂದು ತಿಳಿಯುವುದಿಲ್ಲ. ಗೋಡೆಯ ತಲೆಯಿಂದ ಇಳಿದರೆ ನಿಮ್ಮ ಗುತ್ತಿಗೆದಾರರ ಮಾತೇ ನಿಜವಿರಬಹುದು. ನೆಲ ಮತ್ತು ಗೋಡೆ ಕೂಡುವ ಸಂದಿಯಾದರೆ, ನನ್ನ ಪ್ರಕಾರ ಅದು ತಾರಸಿಯ ಕೆಲಸವೇ.

ಮೊದಲ ಉತ್ತರದವರು: ಸಂದಿಯೂ ಗೋಡೆಗೇ ಸೇರಿದ್ದೆಂದು ನಮ್ಮ ಗುತ್ತಿಗೆದಾರರು ಕೊನೆಯವರೆಗೂ ವಾದಿಸಿದರು. ಅಳತೆ ಪಟ್ಟಿಯಲ್ಲಿ ಗೋಡೆಯ ಮೇಲೆ ಎಷ್ಟು ಎತ್ತರದವರೆಗೆ ಹಚ್ಚಿದ್ದಾರೆಂದು ಬರೆದಿದೆಯೇ?

ಪ್ರಶ್ನೆ ಕೇಳಿದವರು: ಈಗ ಬಿಲ್ ತೆಗೆದು ನೋಡಿದೆ. ಉದ್ದ, ಅಗಲದ ಕೆಳಗೆ "ಸುತ್ತ ಒಂಬತ್ತು ಅಂಗುಲ" ಎಂದು ಕೈಬರಹದಲ್ಲಿದೆ. ಇಂದೇ ಪತ್ರ ಕಳುಹಿಸುತ್ತೇನೆ.