‘ಸ್ವಲ್ಪ ಬಿಲ್ ಕಳಿಸಿ’: ಇಲ್ಲಿ ‘ಸ್ವಲ್ಪ’ ಅಂದ್ರೆ ಏನು?

ಎಲ್ರಿಗೂ ನಮಸ್ಕಾರ. ನಮ್ದು ಪೈಪು ನಲ್ಲಿ ಸಾಮಾನಿನ ಅಂಗಡಿ, ಪುಣೆಯ ಡೀಲರ್ ಒಬ್ರ ಜೊತೆ ಚಾಟಲ್ಲೇ ವ್ಯವಹಾರ, ನಾನು ಕನ್ನಡದಲ್ಲಿ ಟೈಪ್ ಮಾಡ್ತೀನಿ ಅವ್ರು ಆಪ್‌ನ ಟ್ರಾನ್ಸ್‌ಲೇಷನ್ ಆನ್ ಮಾಡ್ಕೊಂಡು ಹಿಂದೀಲಿ ಓದ್ತಾರೆ. ಮೊನ್ನೆ "ಸರ್" ಅಂತ ಒಂದು ಮೆಸೇಜು, ಅದರ ಹಿಂದೇನೇ "ಸ್ವಲ್ಪ ಬಿಲ್ ಕಳಿಸಿ" ಅಂತ ಇನ್ನೊಂದು ಹಾಕ್ದೆ. ಸಂಜೆ ಫೋನ್ ಮಾಡಿ "ಇರೋದೇ ಒಂದು ಬಿಲ್ಲು, ಯಾವ್ಯಾವ್ದು ಕೇಳ್ತಿದ್ದೀರಿ, ಅದೂ ಹೀಗಾ ಕೇಳೋದು" ಅಂದ್ರು. ಸ್ಕ್ರೀನ್‌ಶಾಟ್ ತರಿಸ್ಕೊಂಡು ನೋಡಿದ್ರೆ "ಕುಛ್ ಬಿಲ್ ಭೇಜೋ" ಅಂತಿದೆ. ನನಗೆ ತುಂಬಾ ಬೇಜಾರಾಯ್ತು. ನಿಘಂಟಲ್ಲಿ ಸ್ವಲ್ಪ ಅಂದ್ರೆ ಕೊಂಚ, ಅಷ್ಟೆ. ನಾನು ಬರೆದಿದ್ದರಲ್ಲಿ ಅದು ಅಳತೆ ಅಲ್ಲ, ಹಾಗಾದ್ರೆ ಏನು?

ಹಾಸನದಿಂದ: ನೀವು ಆಡುಮಾತಲ್ಲಿ ಬರೆದಿದ್ದೇ ತಪ್ಪು. "ಕಳುಹಿಸಿ" ಅಂತ ಪೂರ್ತಿ ಬರೀರಿ, ಸರಿಯಾಗತ್ತೆ.

ಮೆಲ್ಬರ್ನ್‌ನಿಂದ: ನಮ್ಮತ್ತೆ ಚಾಟ್ ಮುಗಿಸುವಾಗ "ಸರಿ ಪುಟ್ಟ, ಬರ್ತೀನಿ" ಅಂತ ಹಾಕಿದ್ರು, ಮಗ ಅದನ್ನ ಇಂಗ್ಲಿಷಲ್ಲಿ ಓದಿ ಅಜ್ಜಿ ಬರ್ತಿದ್ದಾರೆ ಅಂತ ಕುಣಿದಾಡ್ಬಿಟ್ಟ. ಸಮಾಧಾನ ಮಾಡೋಕೆ ಎರಡು ದಿನ ಹಿಡೀತು.

ಮೈಸೂರಿಂದ: ಹಾಸನದವ್ರು ಹೇಳಿದ್ದು ಅರ್ಧ ಸರಿ. ಪೂರ್ತಿ ಬರೆದ್ರೆ ಮಷೀನಿಗೆ ಪದ ಗುರುತು ಸಿಗತ್ತೆ, ಆದ್ರೆ ಇಲ್ಲಿ ಕೆಟ್ಟಿರೋದು ಬೇರೆ ಕಡೆ. "ಸ್ವಲ್ಪ ಸಕ್ಕರೆ ಕೊಡಿ" ಅಂದ್ರೆ ಅಳತೆ, "ಸ್ವಲ್ಪ ಪೆನ್ ಕೊಡಿ" ಅಂದ್ರೆ ಯಾರೂ ಅರ್ಧ ಪೆನ್ ಕೊಡಲ್ಲ, ಅಲ್ಲಿ ಸ್ವಲ್ಪ ಸೇರ್ಕೊಳ್ಳೋದು ಕೊಡೋ ಕೆಲಸಕ್ಕೆ, ನಿಮಗೆ ತೊಂದ್ರೆ ಕೊಡ್ತಿರೋದು ಗೊತ್ತಿದೆ ಅನ್ನೋ ಸಂಕೋಚ ಅದು. ಹಿಂದೀಲಿ ಇದಕ್ಕೆ ಸರಿಯಾಗಿ "ಝರಾ" ಇದೆ, "ಥೋಡಾ" ಬಂದಿದ್ರೂ ನಡೀತಿತ್ತು. "ಕುಛ್" ಬಂದಿದೆ ಅಂದ್ರೆ ನಡುವೆ ಇಂಗ್ಲಿಷ್ ಹಾದು ಬಂದಿರೋ ಹಾಗಿದೆ, ಎಷ್ಟೋ ಭಾಷೆ ಜೋಡಿಗಳಿಗೆ ಹಾಗೇ ಮಾಡ್ತಾರೆ. ಸ್ವಲ್ಪ ಅನ್ನೋದು ಸಮ್ ಆಗಿ, ಸಮ್ ಕುಛ್ ಆಯ್ತು. ಕಳಿಸು, ಕಳಿಸಿ ಎರಡೂ ಇಂಗ್ಲಿಷಲ್ಲಿ ಬರೀ ಸೆಂಡ್, ನಿಮ್ಮ ಬಹುವಚನ ಅಲ್ಲೇ ಹೋಯ್ತು, ಆಮೇಲೆ ಹಿಂದಿಗೆ ಬರುವಾಗ ಭೇಜೋನಾ ಭೇಜಿಯೇನಾ ಅಂತ ಮಷೀನು ಊಹೆ ಮಾಡ್ಬೇಕು. "ಸರ್" ಅದೇ ಮೆಸೇಜಲ್ಲಿ ಇದ್ದಿದ್ರೆ ಒಂದು ಸುಳಿವಾದ್ರೂ ಇರ್ತಿತ್ತು, ನೀವು ಬೇರೆ ಕಳಿಸಿದ್ರಿ, ಒಂದೊಂದು ಮೆಸೇಜನ್ನ ಬಿಡಿಬಿಡಿಯಾಗಿ ಅನುವಾದ ಮಾಡೋ ಆಪ್‌ಗೆ ಹಿಂದಿನ ಸಾಲು ಕಾಣಲ್ಲ.

ಧಾರವಾಡದಿಂದ: ನಮ್ಮ ಕಡೆ "ಜರಾ ಬಿಲ್ ಕಳಸ್ರಿ" ಅಂತೀವ್ರಿ, ಹಿಂದಿ ಮಂದಿಗೆ ಹಂಗs ತಿಳೀತದ, ಮಷೀನ್ ಯಾಕ ಬೇಕು?

ಕೇಳಿದವನು: ಧಾರವಾಡದವ್ರೇ, ಅದನ್ನೂ ಹಾಕಿ ನೋಡ್ದೆ, "ಜರಾ"ನ ಪೂರ್ತಿ ಬಿಟ್ಟೇಬಿಡ್ತು. ಸರ್ ಸೇರಿಸಿ ಒಂದೇ ಮೆಸೇಜಲ್ಲಿ ಬರೆದ್ರೆ "ಭೇಜಿಯೇ" ಬಂತು, ಕುಛ್ ಮಾತ್ರ ಹೋಗ್ಲಿಲ್ಲ. "ದಯವಿಟ್ಟು ಬಿಲ್ ಕಳುಹಿಸಿ" ಅಂದ್ರೆ ಎಲ್ಲಾ ಸರಿ ಬರತ್ತೆ. ಆದ್ರೆ ಇಷ್ಟು ವರ್ಷ ಪರಿಚಯ ಇರೋರಿಗೆ ದಯವಿಟ್ಟು ಅಂದ್ರೆ ನೋಟಿಸ್ ಕೊಟ್ಟ ಹಾಗಿರತ್ತೆ, ನನ್ನ ಕೈ ಬರ್ತಿಲ್ಲ.

ಮೈಸೂರಿಂದ: "ಬಿಲ್ ಕಳಿಸ್ತೀರಾ ಸರ್" ಅಂತ ಪ್ರಶ್ನೆ ಮಾಡಿ ನೋಡಿ. ಕನ್ನಡದಲ್ಲೂ ಮೆತ್ತಗಿರತ್ತೆ. ಏನು ಬಂತು ಅಂತ ಇಲ್ಲಿ ಹಾಕಿ.