ಸಹಾಯ ಬೇಕು: ಸೂಪರ್‌ನೋಡ್ ಒಳಗಿನ 3 ಓಮ್ ಎಣಿಸಬೇಕೋ, ಬಿಡಬೇಕೋ?

ನಮಸ್ಕಾರ ರೀ, ಕಲಬುರಗಿಯಿಂದ. ನೋಡ್ 1ಕ್ಕ 6 ಆಂಪಿಯರ್ ಕರೆಂಟ್ ಸೋರ್ಸ್ ಒಳಗ ಬರ್ತದ, ಅಲ್ಲಿಂದ ಗ್ರೌಂಡಿಗೆ 4 ಓಮ್ ಅದ. ನೋಡ್ 2ರಿಂದ ಗ್ರೌಂಡಿಗೆ 2 ಓಮ್. ಎರಡರ ನಡುವ 6 ವೋಲ್ಟ್ ಸೋರ್ಸ್, ಪ್ಲಸ್ ನೋಡ್ 1ರ ಕಡೆ. ಅದಕ್ಕ ಪ್ಯಾರಲಲ್ ಆಗಿ 3 ಓಮ್.

ವೋಲ್ಟೇಜ್ ಸೋರ್ಸಿನ ಕರೆಂಟ್ ಓಮ್ ನಿಯಮದಿಂದ ಸಿಗಂಗಿಲ್ಲ, ಅದಕ್ಕ ಎರಡೂ ನೋಡ್ ಕೂಡಿಸಿ ಬರೆದೆ:

```
V1/4 + V2/2 = 6
V1 - V2 = 6
```

12 ಮತ್ತು 6 ವೋಲ್ಟ್ ಬಂತು. 3 ಓಮ್ ಎಲ್ಲೂ ಬರಲೇ ಇಲ್ಲ. ತೆಗೆದ್ರೂ ವೋಲ್ಟೇಜ್ ಅಷ್ಟೇ. ಆದ್ರ ನೋಡ್ 1ಕ್ಕ ಒಂದಕ್ಕೇ ಕೆಸಿಎಲ್ ಹಾಕಿದ್ರ, 4 ಓಮ್‌ಗೆ 3, 3 ಓಮ್‌ಗೆ 2, ಉಳಿದ 1 ಆಂಪಿಯರ್ ಸೋರ್ಸಿನ ಪ್ಲಸ್ ಒಳಗ ಹೋಗ್ತದ. 3 ಓಮ್ ತೆಗೆದ್ರ ಅದು 3 ಆಂಪಿಯರ್ ಆಗ್ತದ. ಗೊಂದಲ ಇಲ್ಲೇ ಅದ ನೋಡ್ರಿ.

ಸೂಪರ್‌ನೋಡ್ ಸಮೀಕರಣದಾಗ 3 ಓಮ್ ಬಿಟ್ಟು, ಸೋರ್ಸ್ ಕರೆಂಟ್ ತೆಗೆಯುವಾಗ ಮಾತ್ರ ಎಣಿಸೋದು ಸರೀನಾ? ಹಂಗಾದ್ರ ಈ ಸೋರ್ಸ್ 6 ವ್ಯಾಟ್ ಕೊಡ್ತದೋ, ತಗೊಳ್ತದೋ?